ಅಮ್ಮನ ಹಳೇ ಫೋನ್ ಮಗಳ ಕೈಗೆ ಕೊಡುವ ಮುನ್ನ: ಸಮಯ, ಆ್ಯಪ್, ವಿಷಯ ಮೂರಕ್ಕೂ ಮಿತಿ ಹಾಕುವ ಬಗೆ

ಅಮ್ಮ ಹೊಸ ಫೋನ್ ತಗೊಂಡಾಗ ಹಳೆಯದು ಮಗಳ ಪಾಲಾಗುತ್ತದೆ. ಸಿಮ್ ತೆಗೆದು, ಮನೆಯ ವೈಫೈ ಹಾಕಿ, "ಹೋಂವರ್ಕ್‌ಗೆ ಮಾತ್ರ" ಎಂದು ಹೇಳಿ ಕೊಡುತ್ತೇವೆ. ಆದರೆ ಅದರೊಳಗೆ ಅಮ್ಮನ ಜಿಮೇಲ್, ಅಮ್ಮನ ಯೂಟ್ಯೂಬ್, ಅಮ್ಮನ ಪ್ಲೇ ಸ್ಟೋರ್ ಎಲ್ಲವೂ ಹಾಗೇ ಇರುತ್ತವೆ. ಗೂಗಲ್‌ನ ಲೆಕ್ಕದಲ್ಲಿ ಆ ಫೋನ್ ಹಿಡಿದಿರುವುದು 38 ವರ್ಷದ ಹೆಂಗಸು. ಅವರಿಗೆ ತೋರಿಸುವುದನ್ನೇ 11 ವರ್ಷದ ಹುಡುಗಿಗೂ ತೋರಿಸುತ್ತದೆ. ಫೋನ್ ಹಿಡಿದವರು ಮಗು ಎಂದು ಫೋನಿಗೆ ಗೊತ್ತಾಗುವ ತನಕ ಯಾವ ಫಿಲ್ಟರ್ ಹಾಕಿದರೂ ಅರ್ಧ ಕೆಲಸವೇ.

ಅದನ್ನು ಗೊತ್ತುಮಾಡಲು ಆಂಡ್ರಾಯ್ಡ್‌ನಲ್ಲಿ ಇರುವ ದಾರಿ ಗೂಗಲ್‌ನ ಫ್ಯಾಮಿಲಿ ಲಿಂಕ್. ದುಡ್ಡು ಕೊಡಬೇಕಾಗಿಲ್ಲ. ಅಪ್ಪ ಅಥವಾ ಅಮ್ಮನ ಫೋನಿನಲ್ಲಿ ಆ್ಯಪ್ ಹಾಕಿಕೊಂಡು, ಮಗುವಿನ ಫೋನನ್ನು ಅಲ್ಲಿಂದಲೇ ನೋಡಿಕೊಳ್ಳಬಹುದು. ಮಗುವಿನ ಫೋನ್ ಆಂಡ್ರಾಯ್ಡ್ 7 ಅಥವಾ ಅದಕ್ಕಿಂತ ಹೊಸದಾಗಿರಬೇಕು. ಪೋಷಕರದು ಐಫೋನ್ ಆದರೂ ನಡೆಯುತ್ತದೆ. ಇಲ್ಲಿ ಒಂದು ಉದಾಹರಣೆ ಹಿಡಿದು ಹೋಗೋಣ: 6ನೇ ತರಗತಿಯ 11 ವರ್ಷದ ಹುಡುಗಿ, ಶನಿವಾರ ಅರ್ಧ ದಿನ ಶಾಲೆ, ಸಂಜೆ 4:30ಕ್ಕೆ ಮನೆ, ಕೈಯಲ್ಲಿ ಅಮ್ಮನ ನಾಲ್ಕು ವರ್ಷದ ಹಳೇ ಫೋನ್. ಫೋನಿನ ಭಾಷೆ ಇಂಗ್ಲಿಷಿನಲ್ಲಿದೆ ಎಂದುಕೊಂಡು, ಪರದೆಯ ಮೇಲೆ ಹುಡುಕಬೇಕಾದ ಹೆಸರುಗಳನ್ನು ಹಾಗೇ ಕೊಟ್ಟಿದ್ದೇವೆ.

ಮೊದಲು ಒಂದು ಎಚ್ಚರಿಕೆ. ಫ್ಯಾಮಿಲಿ ಲಿಂಕ್ ಇರುವುದು ಮಗುವಿಗೇ ಬಿಟ್ಟುಕೊಟ್ಟ ಫೋನಿಗೆ. 13 ವರ್ಷದೊಳಗಿನ ಮಗುವಿನ ಖಾತೆ ಇರುವ ಫೋನಿನಲ್ಲಿ ಅಮ್ಮನ ಗೂಗಲ್ ಖಾತೆಯನ್ನೂ ಇಟ್ಟುಕೊಳ್ಳಲು ಅದು ಬಿಡುವುದಿಲ್ಲ. ಅಮ್ಮ ದಿನವಿಡೀ ಬಳಸುವ ಫೋನನ್ನೇ ಸಂಜೆ ಒಂದು ಗಂಟೆ ಮಗಳಿಗೆ ಕೊಡುವ ಮನೆಯಾದರೆ ಈ ದಾರಿ ಹಿಡಿಸದು. ಅಂಥ ಮನೆಗೆ ಆ್ಯಪ್ ಪಿನ್ನಿಂಗ್ ಸಾಕು: ಸೆಟ್ಟಿಂಗ್ಸ್‌ನ ಸೆಕ್ಯೂರಿಟಿ ಭಾಗದಲ್ಲಿ "App pinning" ಹುಡುಕಿ ಆನ್ ಮಾಡಿ, ಬಿಡಿಸುವಾಗ ಪಿನ್ ಕೇಳುವ ಆಯ್ಕೆಯನ್ನೂ ಆನ್ ಮಾಡಬೇಕು. ಆಮೇಲೆ ಪಾಠದ ಆ್ಯಪ್ ತೆರೆದು ಪಿನ್ ಮಾಡಿ ಕೊಟ್ಟರೆ, ಆ ಪಿನ್ ಹೊಡೆಯದೆ ಮಗು ಬೇರೆ ಆ್ಯಪ್‌ಗೆ ಹೋಗಲಾಗದು. ಕೆಲವು ಫೋನ್‌ಗಳಲ್ಲಿ ಇದಕ್ಕೆ "Screen pinning" ಅಥವಾ "Pin windows" ಎಂಬ ಹೆಸರಿದೆ.

ಖಾತೆ: ಹುಟ್ಟಿದ ವರ್ಷ ಸುಳ್ಳು ಹೇಳಬೇಡಿ

ಎಷ್ಟೋ ಮನೆಗಳಲ್ಲಿ ಮಗುವಿಗೆ ಈಗಾಗಲೇ ಒಂದು ಜಿಮೇಲ್ ಇರುತ್ತದೆ. ಲಾಕ್‌ಡೌನ್‌ನ ಆನ್‌ಲೈನ್ ಕ್ಲಾಸಿಗೆಂದೋ ಯಾವುದೋ ಆಟಕ್ಕೆಂದೋ ಮಾಡಿದ್ದು. ಖಾತೆ ಮಾಡುವಾಗ ಸರಿಯಾದ ವಯಸ್ಸು ಹಾಕಿದರೆ ಮುಂದೆ ಹೋಗಲಿಲ್ಲ, ಅದಕ್ಕೆ 1990 ಎಂದು ಹಾಕಿ ಮುಗಿಸಿರುತ್ತಾರೆ. ಆ ಒಂದು ಸುಳ್ಳಿನಿಂದ ಯೂಟ್ಯೂಬ್, ಪ್ಲೇ ಸ್ಟೋರ್, ಗೂಗಲ್ ಹುಡುಕಾಟ ಎಲ್ಲವೂ ಆ ಮಗುವನ್ನು ದೊಡ್ಡವರೆಂದೇ ನಂಬುತ್ತವೆ. ಅಂಥ ಖಾತೆಯನ್ನು ಸರಿಪಡಿಸುತ್ತ ಕೂರುವುದಕ್ಕಿಂತ, ನಿಜವಾದ ಹುಟ್ಟಿದ ದಿನ ಹಾಕಿ ಹೊಸದು ಮಾಡುವುದೇ ಮೇಲು. ಹಳೆಯದರಲ್ಲಿ ಶಾಲೆಯ ಕಡತಗಳಿದ್ದರೆ ಮೊದಲು ಇಳಿಸಿಕೊಳ್ಳಿ.

ಅಮ್ಮನ ಹೊಸ ಫೋನಿನಲ್ಲಿ ಪ್ಲೇ ಸ್ಟೋರ್‌ನಿಂದ "Google Family Link" ಹಾಕಿ, ಅಮ್ಮನ ಖಾತೆಯಿಂದ ಒಳಹೋಗಿ, ಮಗುವನ್ನು ಸೇರಿಸುವ ಆಯ್ಕೆ ಒತ್ತಬೇಕು. ಮಗುವಿಗೆ ಖಾತೆ ಇದೆಯೇ ಎಂದು ಕೇಳಿದಾಗ ಇಲ್ಲ ಎಂದರೆ ಹೆಸರು, ಹುಟ್ಟಿದ ದಿನ, ಹೊಸ ವಿಳಾಸ, ಪಾಸ್‌ವರ್ಡ್ ಒಂದೊಂದಾಗಿ ಕೇಳುತ್ತದೆ. ಕೊನೆಗೆ ಅಮ್ಮನ ಪಾಸ್‌ವರ್ಡ್ ಕೊಟ್ಟು ಒಪ್ಪಿಗೆ ಸೂಚಿಸಬೇಕು. ಮಗುವಿನ ಪಾಸ್‌ವರ್ಡ್ ಅಮ್ಮನದಕ್ಕಿಂತ ಪೂರ್ತಿ ಬೇರೆಯಾಗಿರಲಿ. ಮನೆಯವರ ಹೆಸರಿನ ಮುಂದೆ 123 ಸೇರಿಸುವ ಪದ್ಧತಿ ಇದ್ದರೆ, ಮಗಳು ತನ್ನದನ್ನು ನೋಡಿ ಅಮ್ಮನದನ್ನು ಊಹಿಸಲು ಒಂದು ಸಂಜೆಯೂ ಬೇಡ.

ಖಾತೆಯ ಜೊತೆಗೆ ಒಂದು ಕುಟುಂಬ ಗುಂಪೂ ಆಗುತ್ತದೆ. ಅದರಲ್ಲಿ ಒಟ್ಟು ಆರು ಜನ ಇರಬಹುದು, ಒಬ್ಬರು ಒಂದೇ ಗುಂಪಿನಲ್ಲಿ. ಗುಂಪು ಮಾಡಿದವರು ಇನ್ನೊಬ್ಬರನ್ನೂ ಪೋಷಕರಾಗಿ ಸೇರಿಸಿದರೆ ಇಬ್ಬರೂ ಮಿತಿ ಬದಲಿಸಬಹುದು, ಮಗುವಿನ ಕೋರಿಕೆಗೆ ಒಪ್ಪಿಗೆ ಕೊಡಬಹುದು. ಇಲ್ಲೊಂದು ತೊಡಕಿದೆ. ಗುಂಪಿನವರೆಲ್ಲ ಒಂದೇ ದೇಶದಲ್ಲಿರಬೇಕು ಎಂಬುದು ಗೂಗಲ್‌ನ ನಿಯಮ. ಅಪ್ಪ ದುಬೈಯಲ್ಲಿ, ಅಮ್ಮ ಮಕ್ಕಳು ಮಂಗಳೂರಿನಲ್ಲಿ ಎಂಬಂಥ ಮನೆಯಲ್ಲಿ ಅಪ್ಪನ ಖಾತೆಯಿಂದ ಗುಂಪು ಶುರುಮಾಡಿದರೆ ಮುಂದೆ ಸಿಕ್ಕಿಹಾಕಿಕೊಳ್ಳುತ್ತದೆ. ಮಗುವಿನ ಜೊತೆ ಇರುವವರ ಖಾತೆಯಿಂದಲೇ ಮಾಡಿ.

ಫೋನ್ ಖಾಲಿ ಮಾಡುವುದು

ಹಳೇ ಫೋನನ್ನು ಹಾಗೇ ಕೊಡಬಾರದು, ಫ್ಯಾಕ್ಟರಿ ರೀಸೆಟ್ ಮಾಡಿಯೇ ಕೊಡಬೇಕು. ಬರೀ ಅಮ್ಮನ ಖಾತೆ ತೆಗೆದರೆ ಸಾಲದೇ ಎಂದರೆ, ಸಾಲದು. ಕ್ರೋಮ್ ಅಲ್ಲದ ಇನ್ನೊಂದು ಬ್ರೌಸರ್‌ನಲ್ಲಿ ಉಳಿದ ಪಾಸ್‌ವರ್ಡ್, ಫೇಸ್‌ಬುಕ್ ಲಾಗಿನ್, ಗ್ಯಾಲರಿಯಲ್ಲಿರುವ ಬ್ಯಾಂಕ್ ಪಾಸ್‌ಬುಕ್ ಫೋಟೊ, ಆಧಾರ್ ಪ್ರತಿ ಎಲ್ಲ ಅಲ್ಲೇ ಇರುತ್ತವೆ.

ಇಲ್ಲಿ ಮಾಡುವ ಕ್ರಮ ಮುಖ್ಯ. ಫೋಟೊಗಳನ್ನು ಬೇರೆ ಕಡೆ ಉಳಿಸಿಕೊಳ್ಳಿ. ವಾಟ್ಸ್‌ಆ್ಯಪ್ ಹೊಸ ಫೋನಿಗೆ ಬಂದಿದೆಯೇ, ಯುಪಿಐ ಹೊಸ ಫೋನಿನಲ್ಲಿ ನಡೆಯುತ್ತಿದೆಯೇ ನೋಡಿ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಅಮ್ಮನ ಗೂಗಲ್ ಖಾತೆ ತೆಗೆದು, ಕೊನೆಗೆ ಸೆಟ್ಟಿಂಗ್ಸ್ ಒಳಗಿನಿಂದಲೇ ರೀಸೆಟ್ ಕೊಡಿ. ಖಾತೆ ತೆಗೆಯದೆ ಬಟನ್ ಒತ್ತಿಹಿಡಿದು ರೀಸೆಟ್ ಮಾಡಿದರೆ, ಕಳ್ಳತನ ತಡೆಯಲೆಂದು ಇರುವ ರಕ್ಷಣೆ ಎದ್ದು ಹಿಂದಿನ ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ಅದು ಮರೆತಿದ್ದರೆ ಫೋನ್ ಅಲ್ಲಿಗೇ ನಿಂತಿತು. ಇದೇ ರಕ್ಷಣೆ ಮುಂದೆ ಅಮ್ಮನ ಕಡೆಗೂ ಕೆಲಸ ಮಾಡುತ್ತದೆ: ಮಗಳು ಬಟನ್ ಒತ್ತಿ ಫೋನ್ ಅಳಿಸಿದರೂ, ಮೊದಲಿದ್ದ ಖಾತೆಯನ್ನೇ ಮತ್ತೆ ಕೇಳುತ್ತದೆ.

ಫೋನ್ ಮತ್ತೆ ಹೊತ್ತಿಕೊಂಡಾಗ ಗೂಗಲ್ ಖಾತೆ ಕೇಳುವ ಜಾಗದಲ್ಲಿ ಮಗಳ ವಿಳಾಸ ಹಾಕಿ. ಅದು ಮಗುವಿನ ಖಾತೆ ಎಂದು ಗುರುತಿಸಿ ಅಮ್ಮನ ಪಾಸ್‌ವರ್ಡನ್ನೂ ಕೇಳುತ್ತದೆ. ಮುಂದಿನ ಪರದೆಗಳನ್ನು ಮುಗಿಸಿದರೆ ಅಮ್ಮನ ಫ್ಯಾಮಿಲಿ ಲಿಂಕ್‌ನಲ್ಲಿ ಈ ಫೋನಿನ ಹೆಸರು ಕಾಣಿಸಿಕೊಳ್ಳುತ್ತದೆ. ಕಾಣಿಸದಿದ್ದರೆ ಮುಂದಕ್ಕೆ ಹೋಗಬೇಡಿ. ಎರಡೂ ಫೋನ್ ಇಂಟರ್ನೆಟ್‌ನಲ್ಲಿವೆಯೇ ಮೊದಲು ನೋಡಿ.

ಸಮಯ: ಮೂರು ಗಡಿಯಾರ, ಮೂರು ಕೆಲಸ

ಫ್ಯಾಮಿಲಿ ಲಿಂಕ್‌ನ "Screen time" ಭಾಗದಲ್ಲಿ ಮೂರು ಬೇರೆ ಬೇರೆ ಮಿತಿಗಳಿವೆ. ಪೋಷಕರು ಹೆಚ್ಚು ಗೊಂದಲಕ್ಕೆ ಬೀಳುವುದು ಇಲ್ಲೇ, ಅದಕ್ಕೆ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯದು ದಿನದ ಮಿತಿ. ಇವತ್ತು ಒಟ್ಟು ಎಷ್ಟು ನಿಮಿಷ ಎಂಬ ಲೆಕ್ಕ ಇದರದು. ಬೆಳಿಗ್ಗೆ ನೋಡಿದರೂ ಸಂಜೆ ನೋಡಿದರೂ ಅದಕ್ಕೆ ಒಂದೇ. ಎರಡನೆಯದು ಡೌನ್‌ಟೈಮ್. ಇದಕ್ಕೆ ನಿಮಿಷದ ಲೆಕ್ಕವಿಲ್ಲ, ಗಂಟೆಯ ಲೆಕ್ಕ ಮಾತ್ರ: ರಾತ್ರಿ ಇಷ್ಟರಿಂದ ಬೆಳಿಗ್ಗೆ ಇಷ್ಟರ ತನಕ ಫೋನ್ ಬಂದ್. ದಿನದ ಮಿತಿಯಲ್ಲಿ 40 ನಿಮಿಷ ಉಳಿದಿದ್ದರೂ 9 ಗಂಟೆ ಹೊಡೆದರೆ ಮುಗಿಯಿತು. ಮೂರನೆಯದು ಸ್ಕೂಲ್ ಟೈಮ್. ಈ ಹೊತ್ತಿನಲ್ಲಿ ಫೋನ್ ಪೂರ್ತಿ ಬಂದ್ ಆಗುವುದಿಲ್ಲ, ನೀವು ಆರಿಸಿದ ಆ್ಯಪ್‌ಗಳು ಮಾತ್ರ ತೆರೆಯುತ್ತವೆ. ಕೆಲವು ಫೋನ್‌ಗಳಲ್ಲಿ ಈ ಮೂರನೆಯದು ಕಾಣದೆ ಇರಬಹುದು.

ಸ್ಕೂಲ್ ಟೈಮ್ ಎಂಬ ಹೆಸರು ನೋಡಿ ಬೆಳಿಗ್ಗೆ 9ರಿಂದ 4ರ ತನಕ ಇಟ್ಟುಬಿಡುವುದು ಸಹಜ. ನಮ್ಮಲ್ಲಿ ಹೆಚ್ಚಿನ ಶಾಲೆಗಳಿಗೆ ಮಕ್ಕಳು ಫೋನ್ ಒಯ್ಯುವುದೇ ಇಲ್ಲ, ಅದು ಮನೆಯ ಕಪಾಟಿನಲ್ಲೇ ಇರುತ್ತದೆ. ಅಲ್ಲಿ ಅದನ್ನು ಇಟ್ಟು ಪ್ರಯೋಜನವಿಲ್ಲ. ಹೋಂವರ್ಕ್ ಮಾಡುವ ಹೊತ್ತಿಗೆ ಇಡಿ. ನಮ್ಮ ಹುಡುಗಿಗೆ ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ 6:00ರಿಂದ 7:30. ಆ ಹೊತ್ತಿಗೆ ತೆರೆಯಬಹುದಾದದ್ದು ದೀಕ್ಷಾ, ನಿಘಂಟು, ಕ್ಯಾಲ್ಕುಲೇಟರ್, ಕ್ಯಾಮೆರಾ. ದೀಕ್ಷಾ ಯಾಕೆಂದರೆ ರಾಜ್ಯದ ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ತೆರೆಯುವುದು ಅದರಲ್ಲಿ. ಗಣಿತದ ಪಾಠದ ಕೋಡ್ ಸ್ಕ್ಯಾನ್ ಮಾಡಬಹುದು, ಅದೇ ಹೊತ್ತಿಗೆ ಯೂಟ್ಯೂಬ್ ಒತ್ತಿದರೆ ತೆರೆಯುವುದಿಲ್ಲ.

ಡೌನ್‌ಟೈಮ್‌ನಲ್ಲಿ ಗಮನಿಸಬೇಕಾದದ್ದು ವಾರದ ದಿನ. ರಾತ್ರಿ ಶುರುವಾಗುವ ದಿನವೇ ಅದರ ದಿನ. ಶನಿವಾರದ ಸಾಲಿನಲ್ಲಿ ರಾತ್ರಿ 9:30ರಿಂದ ಬೆಳಿಗ್ಗೆ 8:00 ಎಂದಿದ್ದರೆ, ಆ 8:00 ಭಾನುವಾರ ಬೆಳಗಿನದು. ಭಾನುವಾರ ಬೆಳಿಗ್ಗೆ ಬೇಗ ಫೋನ್ ಹಿಡಿಯಬಾರದು ಎಂದರೆ ಬದಲಿಸಬೇಕಾದದ್ದು ಶನಿವಾರದ ಸಾಲು. ಇದು ತಿಳಿಯದೆ ಭಾನುವಾರದ ಸಾಲು ತಿದ್ದಿದರೆ, ಸೋಮವಾರ ಬೆಳಿಗ್ಗೆ ಬದಲಾಗಿ ಭಾನುವಾರ ಹಾಗೇ ಉಳಿಯುತ್ತದೆ. ನಮ್ಮ ಹುಡುಗಿಗೆ ಭಾನುವಾರದಿಂದ ಶುಕ್ರವಾರದವರೆಗೆ ರಾತ್ರಿ 9:00ರಿಂದ ಬೆಳಿಗ್ಗೆ 6:30. ಶುಕ್ರವಾರ ರಜೆಯ ಹಿಂದಿನ ರಾತ್ರಿಯಲ್ಲ ಎಂಬುದು ನೆನಪಿರಲಿ, ಶನಿವಾರ ಬೆಳಿಗ್ಗೆಯೇ ಶಾಲೆ ಇದೆ. ಶನಿವಾರ ರಾತ್ರಿ ಮಾತ್ರ 9:30ರಿಂದ 8:00.

ದಿನದ ಮಿತಿ ಸೋಮವಾರದಿಂದ ಶುಕ್ರವಾರ 60 ನಿಮಿಷ, ಶನಿವಾರ 90, ಭಾನುವಾರ 120. ಈ ಲೆಕ್ಕ ನಡುರಾತ್ರಿಗೆ ಹೊಸದಾಗುತ್ತದೆ. ಡೌನ್‌ಟೈಮ್ ಇಡದೆ ದಿನದ ಮಿತಿ ಮಾತ್ರ ಇಟ್ಟ ಮನೆಯಲ್ಲಿ ಏನಾಗುತ್ತದೆ ನೋಡಿ: ಶನಿವಾರದ 90 ನಿಮಿಷ ಮುಗಿಸಿದ ಮಗು 12 ಗಂಟೆಯ ತನಕ ಎಚ್ಚರ ಇದ್ದರೆ ಭಾನುವಾರದ 120 ನಿಮಿಷ ಹಾಸಿಗೆಯಲ್ಲೇ ಸಿಗುತ್ತದೆ. ಹಾಗಾಗಿ ಎರಡರಲ್ಲಿ ಒಂದನ್ನೇ ಇಡುವುದಾದರೆ ಡೌನ್‌ಟೈಮ್ ಇಡಿ ಎನ್ನುತ್ತೇವೆ. ನಿದ್ದೆಯ ಹೊತ್ತಾದರೂ ಉಳಿಯುತ್ತದೆ.

ದಿನದ ಮಿತಿ ಪ್ರತಿ ಫೋನಿಗೂ ಬೇರೆ ಬೇರೆ ಎಂಬುದನ್ನೂ ಮರೆಯಬಾರದು. ಫೋನಿನ ಜೊತೆಗೆ ಒಂದು ಟ್ಯಾಬ್ ಇದ್ದು ಎರಡರಲ್ಲೂ ಮಗಳ ಖಾತೆ ಇದ್ದರೆ, 60 ನಿಮಿಷ ಎಂದದ್ದು ಅಲ್ಲಿ 60, ಇಲ್ಲಿ 60 ಆಗಿ ಒಟ್ಟು ಎರಡು ಗಂಟೆಯಾಗುತ್ತದೆ. ಒಂದು ಗಂಟೆಯೇ ಬೇಕಿದ್ದರೆ ನೀವೇ ಹಂಚಿ ಇಡಬೇಕು, ಫೋನಿಗೆ 20, ಟ್ಯಾಬ್‌ಗೆ 40 ಹೀಗೆ.

ಮಿತಿ ಮುಗಿಯುವ 15 ನಿಮಿಷ ಮೊದಲು, ಆಮೇಲೆ 5, ಕೊನೆಗೆ 1 ನಿಮಿಷ ಇರುವಾಗ ಮಗುವಿನ ಪರದೆಯಲ್ಲಿ ಸೂಚನೆ ಬರುತ್ತದೆ. ಇದನ್ನು ಮಗಳಿಗೆ ಮೊದಲೇ ತೋರಿಸಿಕೊಡಿ. ಆಟದ ನಡುವೆ ದಿಢೀರ್ ಎಂದು ಪರದೆ ಮುಚ್ಚಿಕೊಂಡಾಗ ಬರುವ ಅಳುವಿನಲ್ಲಿ ಅರ್ಧ, ಆ 15 ನಿಮಿಷದ ಸೂಚನೆಯ ಅರ್ಥ ತಿಳಿಯದೆ ಬರುವಂಥದ್ದು. ಲಾಕ್ ಆದ ಮೇಲೂ ಫೋನಿನಲ್ಲಿ ಸಿಮ್ ಇದ್ದರೆ ಬಂದ ಕರೆ ಎತ್ತಬಹುದು, ತುರ್ತು ಕರೆ ಮಾಡಬಹುದು. ಅಜ್ಜಿ ಫೋನ್ ಮಾಡಿದರೆ ಎತ್ತಲಾಗದೇನೋ ಎಂಬ ಹೆದರಿಕೆ ಬೇಡ.

"ಅಮ್ಮಾ, ಪ್ಲೀಸ್, ಇನ್ನೊಂದು ಹತ್ತೇ ನಿಮಿಷ" ಎಂದಾಗ ಮಿತಿಯನ್ನೇ 60ರಿಂದ 70ಕ್ಕೆ ತಿದ್ದಬೇಡಿ. ನಾಳೆ ಹಿಂದಕ್ಕೆ ಇಳಿಸುವುದು ಮರೆತುಹೋಗುತ್ತದೆ, ತಿಂಗಳೊಳಗೆ ಅದು 90 ಆಗಿರುತ್ತದೆ. ಬೋನಸ್ ಟೈಮ್ ಎಂಬ ಆಯ್ಕೆ ಇರುವುದೇ ಇದಕ್ಕೆ. ಅದು ಆ ಹೊತ್ತಿಗೆ ಮಾತ್ರ ಹೆಚ್ಚುವರಿ ಸಮಯ ಕೊಟ್ಟು, ನಾಳೆಯ ವೇಳಾಪಟ್ಟಿ ಮುಟ್ಟುವುದಿಲ್ಲ.

ಆ್ಯಪ್‌ಗಳಿಗೆ ಪಾಲು ಹಂಚುವುದು

ದಿನದ 60 ನಿಮಿಷ ಒಂದು ತಟ್ಟೆ ಎಂದುಕೊಂಡರೆ, ಆ್ಯಪ್ ಮಿತಿ ಅದರೊಳಗಿನ ಬಡಿಸುವಿಕೆ. ಯೂಟ್ಯೂಬ್‌ಗೆ 30 ನಿಮಿಷ, ಆಟಕ್ಕೆ 20 ಎಂದು ಇಟ್ಟರೆ, ಯಾವುದು ಮೊದಲು ಮುಗಿಯುತ್ತದೋ ಅದು ನಿಲ್ಲುತ್ತದೆ. ಯೂಟ್ಯೂಬ್‌ನ 30 ಮುಗಿದರೂ ಫೋನ್ ನಡೆಯುತ್ತಿರುತ್ತದೆ. ಒಟ್ಟು 60 ಮುಗಿದರೆ, ಆಟದಲ್ಲಿ 10 ನಿಮಿಷ ಉಳಿದಿದ್ದರೂ ಫೋನೇ ಲಾಕ್.

ದೀಕ್ಷಾ, ನಿಘಂಟು, ಕ್ಯಾಲ್ಕುಲೇಟರ್‌ಗಳನ್ನು ಮಿತಿಯಿಲ್ಲದ ಆ್ಯಪ್‌ಗಳ ಸಾಲಿಗೆ ಸೇರಿಸಿ. ಆಗ ಅವುಗಳ ಸಮಯ 60ರಲ್ಲಿ ಕಳೆಯುವುದಿಲ್ಲ, ಓದಿದ್ದಕ್ಕೆ ಆಟದ ಹೊತ್ತು ಕಡಿತ ಎಂದು ಮಗುವಿಗೆ ಅನಿಸುವುದೂ ಇಲ್ಲ. ಆದರೆ ಕ್ರೋಮ್ ಅನ್ನು ಈ ಸಾಲಿಗೆ ಸೇರಿಸಬೇಡಿ. "ಪ್ರಾಜೆಕ್ಟ್‌ಗೆ ಬೇಕು" ಎಂಬ ಮಾತಿಗೆ ಅಪ್ಪಂದಿರು ಮೊದಲು ಸೇರಿಸುವುದು ಅದನ್ನೇ.

ಯಾಕೆ ಬೇಡ ಎಂದರೆ, ಯೂಟ್ಯೂಬ್ ಆ್ಯಪ್‌ನ 30 ನಿಮಿಷ ಮುಗಿದ ಮೇಲೆ ಮಗು ಕ್ರೋಮ್ ತೆರೆದು youtube.com ಎಂದು ಹೊಡೆದರೆ ಅದೇ ವಿಡಿಯೊಗಳು ಅಲ್ಲಿ ಓಡುತ್ತವೆ. ಆ್ಯಪ್ ಮಿತಿ ಎಣಿಸುವುದು ಆ್ಯಪ್ ತೆರೆದ ಸಮಯವನ್ನು ಮಾತ್ರ. ಇದನ್ನು ಕಂಡುಹಿಡಿಯುವುದು ಸುಲಭ: ವಾರದ ಬಳಕೆಯ ಪಟ್ಟಿಯಲ್ಲಿ ಯೂಟ್ಯೂಬ್ ಇಳಿದು, ಅಷ್ಟೇ ನಿಮಿಷ ಕ್ರೋಮ್‌ನಲ್ಲಿ ಏರಿದ್ದರೆ ವಿಷಯ ಅದೇ. ಫ್ಯಾಮಿಲಿ ಲಿಂಕ್‌ನಲ್ಲಿರುವ ಕ್ರೋಮ್‌ನ ಸೆಟ್ಟಿಂಗ್‌ನಲ್ಲಿ ತಡೆದ ತಾಣಗಳ ಪಟ್ಟಿಗೆ youtube.com, m.youtube.com ಎರಡನ್ನೂ ಹಾಕಿ, ಕ್ರೋಮ್‌ಗೂ 20 ನಿಮಿಷದ ಮಿತಿ ಇಡಿ.

ಫೋನಿನ ಜೊತೆ ಬಂದ ಆ್ಯಪ್‌ಗಳನ್ನೂ ಒಮ್ಮೆ ಪೂರ್ತಿ ನೋಡಬೇಕು. ಇಲ್ಲಿ ಮೂರು ಬಾಗಿಲು ತೆರೆದಿರುತ್ತವೆ. ಒಂದು, ತಯಾರಕರದೇ ಆ್ಯಪ್ ಅಂಗಡಿ. ಸ್ಯಾಮ್‌ಸಂಗ್‌ನಲ್ಲಿ ಗ್ಯಾಲಕ್ಸಿ ಸ್ಟೋರ್, ಶವೋಮಿಯಲ್ಲಿ ಗೆಟ್‌ಆ್ಯಪ್ಸ್, ಒಪ್ಪೊದಲ್ಲಿ ಆ್ಯಪ್ ಮಾರ್ಕೆಟ್. ಫ್ಯಾಮಿಲಿ ಲಿಂಕ್‌ನ ಒಪ್ಪಿಗೆ ಕೇಳುವ ವ್ಯವಸ್ಥೆ ಪ್ಲೇ ಸ್ಟೋರ್‌ಗೆ ಸಂಬಂಧಿಸಿದ್ದು, ಈ ಅಂಗಡಿಗಳನ್ನು ಅದು ಕಾಯುವುದಿಲ್ಲ. ಎರಡು, ತಯಾರಕರದೇ ಬ್ರೌಸರ್. ಕ್ರೋಮ್‌ಗೆ ಹಾಕಿದ ಫಿಲ್ಟರ್ ಅದಕ್ಕೆ ಅನ್ವಯಿಸದು. ಇವೆರಡನ್ನೂ ಆ್ಯಪ್ ಮಿತಿಯ ಪಟ್ಟಿಯಲ್ಲಿ ಬ್ಲಾಕ್ ಮಾಡಿ. ಮೂರನೆಯದು ಲಾಕ್ ಪರದೆಯ ಮೇಲೇ ಚಿತ್ರ, ವಿಡಿಯೊ ತೋರಿಸುವ ಗ್ಲಾನ್ಸ್‌ನಂಥ ಸೇವೆ. ಫೋನ್ ಅನ್‌ಲಾಕ್ ಮಾಡದೆಯೂ ಅದು ಕಾಣುತ್ತದೆ. ಅದನ್ನು ಮಗುವಿನ ಫೋನಿನ ಸೆಟ್ಟಿಂಗ್ಸ್‌ನಲ್ಲಿ, ಲಾಕ್ ಸ್ಕ್ರೀನ್ ಅಥವಾ ವಾಲ್‌ಪೇಪರ್ ಭಾಗಕ್ಕೆ ಹೋಗಿ ನಿಲ್ಲಿಸಬೇಕು.

ವಿಷಯದ ಫಿಲ್ಟರ್: ಪ್ರತಿಯೊಂದಕ್ಕೂ ತನ್ನದೇ ಗಡಿ

ಫ್ಯಾಮಿಲಿ ಲಿಂಕ್‌ನ "Controls" ಭಾಗದಲ್ಲಿ ಪ್ಲೇ ಸ್ಟೋರ್, ಯೂಟ್ಯೂಬ್, ಕ್ರೋಮ್, ಹುಡುಕಾಟ ಹೀಗೆ ಒಂದೊಂದಕ್ಕೂ ಬೇರೆ ಫಿಲ್ಟರ್ ಇದೆ. ಒಂದನ್ನು ಬಿಗಿಮಾಡಿದರೆ ಇನ್ನೊಂದು ತಾನಾಗಿ ಬಿಗಿಯಾಗುವುದಿಲ್ಲ.

ಪ್ಲೇ ಸ್ಟೋರ್‌ನಲ್ಲಿ ಎರಡು ವಿಷಯ. ಒಪ್ಪಿಗೆಯ ಆಯ್ಕೆಯನ್ನು "All content" ಎಂದು ಇಟ್ಟರೆ ಉಚಿತ ಆ್ಯಪ್ ಇಳಿಸಿಕೊಳ್ಳಲೂ ಅಮ್ಮನ ಫೋನಿಗೆ ಕೋರಿಕೆ ಬರುತ್ತದೆ. 11 ವರ್ಷಕ್ಕೆ ಇದೇ ಸರಿ. ಆದರೆ ಒಮ್ಮೆ ಒಪ್ಪಿದ ಆ್ಯಪ್ ಅನ್ನು ಅಳಿಸಿ ಮತ್ತೆ ಹಾಕಿಕೊಂಡರೆ, ಅಥವಾ ಅಪ್‌ಡೇಟ್ ಬಂದರೆ ಮತ್ತೆ ಕೇಳುವುದಿಲ್ಲ. ಬೇಡ ಎನಿಸಿದ ಆ್ಯಪ್ ಅನ್ನು ಅಳಿಸಿ ಸುಮ್ಮನಾಗಬಾರದು, ಬ್ಲಾಕ್ ಮಾಡಬೇಕು. ಇನ್ನೊಂದು, ವಯಸ್ಸಿನ ರೇಟಿಂಗ್. ಭಾರತದಲ್ಲಿ 3+, 7+, 12+, 16+, 18+ ಎಂಬ ಗುರುತುಗಳಿವೆ. ಹುಡುಗಿಗೆ 11 ಆಗಿದ್ದರಿಂದ 7+ ಇಟ್ಟು, ಬೇಕಾದ 12+ ಆ್ಯಪ್ ಅನ್ನು ನೋಡಿ ಒಪ್ಪುವುದು ಒಳ್ಳೆಯದು.

ಈ ಗುರುತನ್ನು ಪೂರ್ತಿ ನಂಬುವ ಮುನ್ನ ಅದು ಹೇಗೆ ಬರುತ್ತದೆ ಎಂದು ತಿಳಿದಿರಲಿ. ಆ್ಯಪ್ ಮಾಡಿದವರು ಒಂದು ಪ್ರಶ್ನಾವಳಿಗೆ ಉತ್ತರ ತುಂಬುತ್ತಾರೆ: ಹಿಂಸೆ ಇದೆಯೇ, ಬೈಗುಳ ಇದೆಯೇ, ಜೂಜು ಇದೆಯೇ ಎಂದು. ಅದರ ಮೇಲೆ ರೇಟಿಂಗ್ ಬೀಳುತ್ತದೆ. ಆಟದೊಳಗೆ ಗೊತ್ತಿಲ್ಲದವರು ಕಳುಹಿಸುವ ಸಂದೇಶದ ಮಾತು ಅದರಲ್ಲಿ ಅಳೆಯಲು ಬರುವುದಿಲ್ಲ. 3+ ಎಂದು ಬರೆದ ಲೂಡೊ ಆಟದಲ್ಲೂ ಚಾಟ್ ಇರಬಹುದು. ಆ್ಯಪ್ ಪುಟದಲ್ಲಿ ರೇಟಿಂಗ್ ಒತ್ತಿ ನೋಡಿದಾಗ "Users Interact" ಎಂದು ಕಂಡರೆ, ಅದರಲ್ಲಿ ಬೇರೆಯವರ ಜೊತೆ ಮಾತಾಡುವ ಅವಕಾಶ ಇದೆ ಎಂದರ್ಥ. ಕೋರಿಕೆ ಬಂದಾಗ ಒಪ್ಪುವ ಮುನ್ನ ಈ ಒಂದು ಸಾಲು ನೋಡಿ.

ಯೂಟ್ಯೂಬ್‌ನಲ್ಲಿ ಎರಡು ದಾರಿ: ಯೂಟ್ಯೂಬ್ ಕಿಡ್ಸ್, ಇಲ್ಲವೇ ಉಸ್ತುವಾರಿಯ ಯೂಟ್ಯೂಬ್. ಕಿಡ್ಸ್‌ನಲ್ಲಿ 9ರಿಂದ 12 ವರ್ಷದವರಿಗೆ ಬೇರೆ ಹಂತವಿದೆ, ಆದರೂ 6ನೇ ತರಗತಿಯವರಿಗೆ ಅದು ಚಿಕ್ಕ ಮಕ್ಕಳದು ಎನಿಸಿಬಿಡುತ್ತದೆ. ಉಸ್ತುವಾರಿಯ ಯೂಟ್ಯೂಬ್‌ನಲ್ಲಿ ಮೂರು ಹಂತ. 9 ವರ್ಷ ಮೇಲ್ಪಟ್ಟವರಿಗೆ "Explore", 13 ಮೇಲ್ಪಟ್ಟವರಿಗೆ "Explore more", ಮೂರನೆಯದು "Most of YouTube". ನಮ್ಮ ಹುಡುಗಿಗೆ ಮೊದಲನೆಯದು. ಮಾಡಿದ ಮೇಲೆ ಟಿವಿಯನ್ನೂ ನೋಡಿ. ಹಾಲ್‌ನ ಸ್ಮಾರ್ಟ್ ಟಿವಿಯ ಯೂಟ್ಯೂಬ್ ಅಪ್ಪನ ಖಾತೆಯಲ್ಲಿದ್ದರೆ ಅಲ್ಲಿ ಈ ಯಾವ ಹಂತವೂ ಇಲ್ಲ.

ಕ್ರೋಮ್‌ನಲ್ಲಿ ಎಲ್ಲ ತಾಣಕ್ಕೂ ಬಿಡುವುದು, ಅಶ್ಲೀಲ ತಾಣಗಳನ್ನು ತಡೆಯಲು ಯತ್ನಿಸುವುದು, ಒಪ್ಪಿದ ತಾಣಗಳಿಗೆ ಮಾತ್ರ ಬಿಡುವುದು ಎಂಬ ಮೂರು ಆಯ್ಕೆ. ನಡುವಿನ ಆಯ್ಕೆಯ ಹೆಸರೇ "Try to block explicit sites". ಯತ್ನಿಸುತ್ತೇವೆ ಎಂದಷ್ಟೇ ಅವರು ಹೇಳುತ್ತಿರುವುದು, ಆ ಮಾತನ್ನು ಅಷ್ಟಕ್ಕೇ ತೆಗೆದುಕೊಳ್ಳಬೇಕು. 8 ವರ್ಷದೊಳಗಿನವರಿಗೆ ಮೂರನೆಯದನ್ನೇ ಇಡಿ, ಹತ್ತು ಹನ್ನೆರಡು ತಾಣ ಒಪ್ಪಿದರೆ ಅವರ ಕೆಲಸ ನಡೆಯುತ್ತದೆ. 11ಕ್ಕೆ ನಡುವಿನದು ಸಾಕು, ಅದರ ಬೆನ್ನಿಗೆ ಇನ್ನೊಂದು ಪದರ ಇಟ್ಟುಕೊಳ್ಳಬೇಕು.

ಆ ಪದರ ಪ್ರೈವೇಟ್ ಡಿಎನ್‌ಎಸ್. ಯಾವುದೇ ಆ್ಯಪ್ ಒಂದು ತಾಣಕ್ಕೆ ಹೋಗುವ ಮುನ್ನ ಅದರ ವಿಳಾಸವನ್ನು ಡಿಎನ್‌ಎಸ್ ಬಳಿ ಕೇಳಿ ತಿಳಿಯುತ್ತದೆ. ಅಶ್ಲೀಲ ತಾಣಗಳ ವಿಳಾಸವನ್ನೇ ಹೇಳದ ಡಿಎನ್‌ಎಸ್ ಹಾಕಿದರೆ, ಬ್ರೌಸರ್ ಯಾವುದಾದರೂ ಆ ಪುಟ ತೆರೆಯುವುದಿಲ್ಲ. ಆಂಡ್ರಾಯ್ಡ್ 9ರಿಂದ ಈಚೆಗಿನ ಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ "Private DNS" ಹುಡುಕಿ, ಹೆಸರು ಬರೆಯುವ ಆಯ್ಕೆ ಒತ್ತಿ, ಕ್ಲೌಡ್‌ಫ್ಲೇರ್‌ನ ಈ ಉಚಿತ ವಿಳಾಸ ಹಾಕಿ:

```
family.cloudflare-dns.com
```

ಒಂದು ಚುಕ್ಕೆ ತಪ್ಪಿದರೂ ಫೋನಿಗೆ ಇಂಟರ್ನೆಟ್ ಇಲ್ಲ ಎಂದು ತೋರಿಸುತ್ತದೆ. ವೈಫೈ ಹೋಯಿತು ಎಂದು ರೂಟರ್ ಆಫ್ ಆನ್ ಮಾಡುವ ಮುನ್ನ ಕಾಗುಣಿತ ನೋಡಿ. ಇದರ ಗಡಿಯೂ ತಿಳಿದಿರಲಿ. ಇದು ಇಡೀ ತಾಣವನ್ನು ತಡೆಯಬಲ್ಲದು, ಯೂಟ್ಯೂಬ್‌ನೊಳಗಿನ ಒಂದು ವಿಡಿಯೊವನ್ನಲ್ಲ. ಫೋನಿನ ಇಂಟರ್ನೆಟ್ ಅನ್ನು ಬೇರೆ ದಾರಿಯಲ್ಲಿ ಕಳುಹಿಸುವ ವಿಪಿಎನ್ ಆ್ಯಪ್ ಹಾಕಿದರೆ ಇದನ್ನು ದಾಟಬಹುದು, ಹಾಗಾಗಿ ವಿಪಿಎನ್ ಕೋರಿಕೆ ಬಂದರೆ ಒಪ್ಪಬೇಡಿ. ಮಗುವೇ ಸೆಟ್ಟಿಂಗ್ಸ್‌ಗೆ ಹೋಗಿ ಇದನ್ನು ಆಫ್ ಮಾಡಲೂಬಹುದು, ತಿಂಗಳಿಗೊಮ್ಮೆ ತೆರೆದು ನೋಡಿ.

ವಾಟ್ಸ್‌ಆ್ಯಪ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಗುಂಪಿನಲ್ಲಿ ಬರುವ ಫೋಟೊ, ವಿಡಿಯೊವನ್ನು ಮೇಲೆ ಹೇಳಿದ ಯಾವ ಫಿಲ್ಟರೂ ನೋಡುವುದಿಲ್ಲ. ಅವು ನೇರವಾಗಿ ಆ್ಯಪ್‌ನೊಳಗೆ ಬಂದು ಇಳಿಯುತ್ತವೆ. ಅದನ್ನು ಬಳಸಲು 13 ವರ್ಷವಾದರೂ ಆಗಿರಬೇಕು ಎಂದು ವಾಟ್ಸ್‌ಆ್ಯಪ್‌ನ ನಿಯಮವೇ ಹೇಳುತ್ತದೆ. ಕ್ಲಾಸ್ ಗುಂಪಿನ ಹೋಂವರ್ಕ್ ಅಮ್ಮನ ಫೋನಿಗೇ ಬರಲಿ. ಬೇಕಾದ ಪುಟವನ್ನು ಮಗಳ ಜಿಮೇಲ್‌ಗೆ ಕಳುಹಿಸಿದರೆ ಮುಗಿಯಿತು.

ಮಗುವಿನ ಕಣ್ಣಿನಿಂದ 20 ನಿಮಿಷ

ಎಲ್ಲ ಇಟ್ಟ ಮೇಲೆ ಫೋನನ್ನು ಮಗಳಿಗೆ ಕೊಡುವ ಮುನ್ನ ನೀವೇ ಹಿಡಿದು ಕೂತು ಮುರಿಯಲು ನೋಡಿ. ಮೊದಲು ಆ್ಯಪ್ ಮಿತಿ: ಯೂಟ್ಯೂಬ್‌ಗೆ ತಾತ್ಕಾಲಿಕವಾಗಿ 5 ನಿಮಿಷ ಇಟ್ಟು ಅದು ನಿಜಕ್ಕೂ ನಿಲ್ಲುತ್ತದೆಯೇ ನೋಡಿ. ನಿಂತ ಮೇಲೆ ಕ್ರೋಮ್‌ನಲ್ಲಿ ಯೂಟ್ಯೂಬ್ ತೆರೆಯಲು ಯತ್ನಿಸಿ. ತಯಾರಕರ ಅಂಗಡಿ ತೆರೆಯಿರಿ. ಯಾರೋ ಕಳುಹಿಸಿದ ಎಪಿಕೆ ಕಡತವನ್ನು, ಅಂದರೆ ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಬರುವ ಆ್ಯಪ್ ಅನ್ನು, ಹಾಕಿಕೊಳ್ಳಲು ಬರುತ್ತದೆಯೇ ನೋಡಿ. ಬಂದರೆ ಫ್ಯಾಮಿಲಿ ಲಿಂಕ್‌ನಲ್ಲಿ ಈ ಫೋನಿನ ಸೆಟ್ಟಿಂಗ್‌ಗೆ ಹೋಗಿ ಅಪರಿಚಿತ ಮೂಲದಿಂದ ಆ್ಯಪ್ ಹಾಕುವುದನ್ನೂ ಡೆವಲಪರ್ ಆಯ್ಕೆಯನ್ನೂ ಬಂದ್ ಮಾಡಿ. ಎಲ್ಲ ಸರಿಯಾದ ಮೇಲೆ ಯೂಟ್ಯೂಬ್ ಅನ್ನು 30ಕ್ಕೆ ಮರಳಿಸಿ.

ಅಮ್ಮನ ಫೋನಿನಲ್ಲಿ ಬದಲಿಸಿದ್ದು ಮಗಳ ಫೋನಿಗೆ ತಲುಪದಿದ್ದರೆ ಎರಡು ಕಾರಣ ಮೊದಲು ನೋಡಿ. ಮಗಳ ಫೋನ್ ಇಂಟರ್ನೆಟ್‌ನಲ್ಲಿ ಇಲ್ಲ, ಇಲ್ಲವೇ ಬ್ಯಾಟರಿ ಉಳಿಸುವ ಸೆಟ್ಟಿಂಗ್ ಹಿನ್ನೆಲೆಯ ಕೆಲಸವನ್ನು ನಿಲ್ಲಿಸಿದೆ. ವೈಫೈ ಆಫ್ ಮಾಡಿದರೆ ಮಿತಿ ಹೋಗುತ್ತದೆ ಎಂದು ಮಕ್ಕಳ ನಡುವೆ ಒಂದು ಮಾತಿದೆ, ಅದು ನಿಜವಲ್ಲ. ಮೊದಲೇ ತಲುಪಿದ ವೇಳಾಪಟ್ಟಿ ಫೋನಿನಲ್ಲೇ ಉಳಿದಿರುತ್ತದೆ. ಆಫ್ ಇದ್ದಾಗ ತಲುಪದೇ ಇರುವುದು ಹೊಸ ಬದಲಾವಣೆ ಮಾತ್ರ.

ಎಲ್ಲಕ್ಕಿಂತ ದೊಡ್ಡ ಕಂಡಿ ಇರುವುದು ಅಮ್ಮನ ಫೋನಿನಲ್ಲಿ. ಅದರ ಪಿನ್ ಮಗಳಿಗೆ ಗೊತ್ತಿದ್ದರೆ, ಅಮ್ಮ ಅಡುಗೆಮನೆಯಲ್ಲಿದ್ದಾಗ ತನ್ನ ಕೋರಿಕೆಗೆ ತಾನೇ ಒಪ್ಪಿಗೆ ಕೊಟ್ಟುಕೊಳ್ಳಬಹುದು. ಒಪ್ಪಿದ ನೆನಪೇ ಇಲ್ಲದ ಆ್ಯಪ್ ಪಟ್ಟಿಯಲ್ಲಿ ಕಂಡರೆ ಬೇರೆಲ್ಲೂ ಹುಡುಕಬೇಡಿ, ಮೊದಲು ಪಿನ್ ಬದಲಿಸಿ. ಮಗಳ ಬೆರಳಚ್ಚು ಆ ಫೋನಿನಲ್ಲಿ ಹಿಂದೆಂದೋ ಸೇರಿಸಿದ್ದರೆ ಅದನ್ನೂ ಅಳಿಸಿ.

ರಜೆಗೆ ಅಜ್ಜಿಯ ಊರಿಗೆ ಹೋದಾಗ ನೆಟ್‌ವರ್ಕ್ ಸಿಗದೆ, ಮಿತಿ ಮುಗಿದು ಲಾಕ್ ಆದ ಫೋನನ್ನು ಬಿಡಿಸಬೇಕಾಗಿ ಬರಬಹುದು. ಬೋನಸ್ ಟೈಮ್ ಅಲ್ಲಿಗೆ ತಲುಪದು. ಆಗ ಅಮ್ಮನ ಫ್ಯಾಮಿಲಿ ಲಿಂಕ್‌ನಲ್ಲಿ "Parent access code" ತೆರೆದು, ಅಲ್ಲಿ ಕಾಣುವ ಅಂಕಿಗಳನ್ನು ಮಗಳ ಲಾಕ್ ಪರದೆಯಲ್ಲಿ ಹೊಡೆದರೆ ಫೋನ್ ತೆರೆಯುತ್ತದೆ. ಇದಕ್ಕೆ ಇಂಟರ್ನೆಟ್ ಬೇಡ. ಆ ಅಂಕಿ ಆಗಾಗ ಬದಲಾಗುತ್ತಿರುತ್ತದೆ, ಮಗಳು ಇಣುಕಿ ನೋಡಿ ಬರೆದಿಟ್ಟುಕೊಂಡರೂ ನಾಳೆ ನಡೆಯದು.